ಹೊಸ ಮಾರಾಟಗಾರರ ಬಿಲ್ ಬಂದ ಕೂಡಲೇ ಮಾಡೆಲ್ ಎಡವುತ್ತಿದೆಯಾ? ದೋಷ ಹುಡುಕುವ ಬಗೆ

ಬಿಲ್ ಓದಿ ಮಾರಾಟಗಾರರ ಹೆಸರು, ದಿನಾಂಕ, ಒಟ್ಟು ಮೊತ್ತ ಹೆಕ್ಕಿಕೊಡುವ ಮಾಡೆಲ್‌ಗಳಲ್ಲಿ ಒಂದು ದೋಷ ಹೀಗೆ ಕಾಣಿಸಿಕೊಳ್ಳುತ್ತದೆ. ತರಬೇತಿ ಮುಗಿದಾಗ ಎಫ್1 ಅಂಕ, ಅಂದರೆ ಉತ್ತರಗಳು ಎಷ್ಟು ಸರಿ ಎಂದು 0ಯಿಂದ 1ರ ಒಳಗೆ ಅಳೆಯುವ ಅಂಕ, 0.96 ಬಂದಿರುತ್ತದೆ. ಎಲ್ಲರಿಗೂ ಖುಷಿ. ಮಾಡೆಲನ್ನು ಕೆಲಸಕ್ಕೆ ಬಿಟ್ಟ ಮೊದಲ ವಾರ ಹಳೆಯ ಮಾರಾಟಗಾರರ ಬಿಲ್‌ಗಳೇ ಬರುತ್ತವೆ, ಏನೂ ತೊಂದರೆ ಇಲ್ಲ. ಆಮೇಲೆ ಹೊಸಬರ ಬಿಲ್ ಬರಲು ಶುರುವಾಗುತ್ತದೆ. ಆಗ ಒಟ್ಟು ಮೊತ್ತದ ಜಾಗದಲ್ಲಿ ತೆರಿಗೆಗೆ ಮುಂಚಿನ ಮೊತ್ತ ಬರುತ್ತದೆ. ಬಿಲ್ ದಿನಾಂಕ ಕೇಳಿದರೆ ಆರ್ಡರ್ ದಿನಾಂಕ ಕೊಡುತ್ತದೆ. ಮಾರಾಟಗಾರರ ಹೆಸರು ಕೇಳಿದರೆ ಕೊಂಡವರ ಹೆಸರನ್ನೇ ಹೇಳುತ್ತದೆ.

ನಮಗೆ ಆಗಿದ್ದೂ ಇದೇ. ಲೆಕ್ಕಪತ್ರ ನೋಡಿಕೊಳ್ಳುವ ಒಂದು ಸಣ್ಣ ಕಚೇರಿಗೆ ಈ ಮಾಡೆಲ್ ಮಾಡಿದ್ದೆವು. 71 ಮಾರಾಟಗಾರರ 1,140 ಬಿಲ್‌ಗಳಿದ್ದವು. ಅರ್ಧದಷ್ಟು ಸ್ಕ್ಯಾನ್ ಮಾಡಿದವು, ಉಳಿದವು ಕಂಪ್ಯೂಟರಿನಿಂದಲೇ ಬಂದ ಪಿಡಿಎಫ್‌ಗಳು. ಸ್ಕ್ಯಾನ್‌ಗಳಿಂದ ಪದಗಳನ್ನು ಟೆಸೆರಾಕ್ಟ್ ಎಂಬ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಪ್ರೋಗ್ರಾಂ, ಓದುತ್ತಿತ್ತು. ಪಿಡಿಎಫ್‌ಗಳಿಂದ ನೇರವಾಗಿ ಪದ ತೆಗೆಯುತ್ತಿದ್ದೆವು. ಮಾಡೆಲ್ ಲೇಔಟ್‌ಎಲ್ಎಂ, `microsoft/layoutlm-base-uncased`. ಇದು ಪ್ರತಿ ಪದವನ್ನೂ, ಅದು ಪುಟದಲ್ಲಿ ಎಲ್ಲಿದೆ ಎಂಬುದನ್ನೂ ಒಟ್ಟಿಗೆ ನೋಡುತ್ತದೆ. ನೋಡಿ ಪ್ರತಿ ಪದಕ್ಕೆ `VENDOR`, `DATE`, `TOTAL` ಅಥವಾ `O` ಎಂಬ ಗುರುತು ಹಾಕುತ್ತದೆ. `O` ಎಂದರೆ ನಮಗೆ ಬೇಡದ ಪದ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಎಪೋಕ್, ಅಂದರೆ ತರಬೇತಿಯ ಸುತ್ತು, ಹೆಚ್ಚಿಸುವ ಕಡೆಗೆ, ಇಲ್ಲವೇ ದೊಡ್ಡ ಮಾಡೆಲ್ ತರುವ ಕಡೆಗೆ. ದಯವಿಟ್ಟು ಎರಡನ್ನೂ ಈಗಲೇ ಮಾಡಬೇಡಿ. ದೋಷ ಹೆಚ್ಚಾಗಿ ಮಾಡೆಲ್‌ಗೆ ಮುಂಚಿನ ಹಂತಗಳಲ್ಲಿ ಇರುತ್ತದೆ. ಕೆಳಗಿನ ಕ್ರಮದಲ್ಲೇ ಹುಡುಕಿ. ಮೊದಲನೆಯದು ಸರಿಯಾಗದೆ ಉಳಿದವನ್ನು ಅಳೆಯುವುದಕ್ಕೇ ಬರುವುದಿಲ್ಲ.

ಮೊದಲು ಪರೀಕ್ಷೆಯನ್ನೇ ಪರೀಕ್ಷಿಸಿ

ನೀವು ಬಿಲ್‌ಗಳನ್ನು ಕಲಸಿ, 80 ಪಾಲು ತರಬೇತಿಗೆ, 20 ಪಾಲು ಪರೀಕ್ಷೆಗೆ ಅಂತ ಹಂಚಿದ್ದೀರಾ? ಹಾಗಿದ್ದರೆ ಆ 0.96 ಅನ್ನು ನಂಬಬೇಡಿ. ಒಬ್ಬನೇ ಮಾರಾಟಗಾರನ 40 ಬಿಲ್ ಇದ್ದರೆ ಸುಮಾರು 32 ತರಬೇತಿಗೆ ಹೋಗುತ್ತವೆ, 8 ಪರೀಕ್ಷೆಗೆ ಬರುತ್ತವೆ. ಎರಡು ಕಡೆಯೂ ಅದೇ ಹೆಸರು, ಅದೇ ಜಾಗ, ಅದೇ ಅಕ್ಷರ. ಮಾಡೆಲ್ ಏನನ್ನೂ ಅರ್ಥ ಮಾಡಿಕೊಳ್ಳಬೇಕಿಲ್ಲ, ನೆನಪಿಟ್ಟುಕೊಂಡರೆ ಸಾಕು.

ಸರಿಯಾದ ಕ್ರಮ ಎಂದರೆ ಮಾರಾಟಗಾರರನ್ನೇ ಹಂಚುವುದು. ಒಬ್ಬರ ಬಿಲ್‌ಗಳೆಲ್ಲ ಒಂದೇ ಕಡೆ ಇರಬೇಕು. ಗುಂಪು ಮಾಡಲು ಜಿಎಸ್‌ಟಿ ನಂಬರ್ ಒಳ್ಳೆಯ ದಾರಿ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಒಂದೇ ಕಂಪನಿಗೆ ಬೇರೆ ಬೇರೆ ರಾಜ್ಯದಲ್ಲಿ ಬೇರೆ ಬೇರೆ ಜಿಎಸ್‌ಟಿ ನಂಬರ್ ಇರುತ್ತದೆ. ಕರ್ನಾಟಕದ್ದು 29ರಿಂದ, ತಮಿಳುನಾಡಿನದು 33ರಿಂದ ಶುರುವಾಗುತ್ತದೆ. ಬಿಲ್ಲಿನ ರೂಪ ಮಾತ್ರ ಸಾಮಾನ್ಯವಾಗಿ ಒಂದೇ. 15 ಅಕ್ಷರಗಳ ಆ ನಂಬರಿನಲ್ಲಿ ಮೂರನೆಯದರಿಂದ ಹನ್ನೆರಡನೆಯದರವರೆಗೆ ಇರುವುದು ಪ್ಯಾನ್. ಗುಂಪು ಮಾಡಲು ಅದನ್ನೇ ಬಳಸಿ.

```python
from sklearn.model_selection import GroupShuffleSplit

groups = [d["gstin"][2:12] for d in docs]
gss = GroupShuffleSplit(n_splits=5, test_size=0.2, random_state=7)
for train_idx, test_idx in gss.split(docs, groups=groups):
    print(len(train_idx), len(test_idx))
```

ಜಿಎಸ್‌ಟಿ ನಂಬರೇ ಇಲ್ಲದ ಸಣ್ಣ ಅಂಗಡಿಗಳಿಗೆ `groups` ಪಟ್ಟಿಯಲ್ಲಿ ನೀವೇ ಒಂದೊಂದು ಹೆಸರು ಕೊಡಿ. ಖಾಲಿ ಬಿಟ್ಟರೆ ಅವೆಲ್ಲ ಒಂದೇ ಗುಂಪಾಗಿಬಿಡುತ್ತವೆ. ಇಲ್ಲಿ `test_size=0.2` ಎಂದರೆ ಗುಂಪುಗಳಲ್ಲಿ ಐದನೇ ಒಂದು ಭಾಗ, ಬಿಲ್‌ಗಳಲ್ಲಿ ಅಲ್ಲ ಅನ್ನುವುದೂ ನೆನಪಿರಲಿ. 300 ಬಿಲ್ ಇರುವ ಒಬ್ಬ ಮಾರಾಟಗಾರ ಯಾವ ಕಡೆ ಬೀಳುತ್ತಾನೋ ಅದರ ಮೇಲೆ ಅಂಕ ಏರುತ್ತದೆ, ಇಳಿಯುತ್ತದೆ. ಅದಕ್ಕೇ ಐದು ಸಲ ಹಂಚಿ ನೋಡುವುದು.

ನಮ್ಮಲ್ಲಿ ಹೀಗೆ ಹಂಚಿದ ಕೂಡಲೇ ಒಟ್ಟು ಮೊತ್ತದ ಅಂಕ 0.68ಕ್ಕೆ ಬಿತ್ತು. ದಿನಾಂಕ 0.74. ಮಾರಾಟಗಾರರ ಹೆಸರು ಬರೀ 0.51. ನೋಡಿ ಬೇಜಾರಾಯಿತು. ಆದರೆ ಹೊರಗೆ ಆಗುತ್ತಿದ್ದ ತಪ್ಪುಗಳಿಗೂ ಈ ಅಂಕಗಳಿಗೂ ಮೊದಲ ಸಲ ತಾಳೆಯಾಯಿತು.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ನಮ್ಮ ಕಡೆ ಎಷ್ಟೋ ವ್ಯಾಪಾರಿಗಳು ಟ್ಯಾಲಿಯಿಂದಲೇ ಬಿಲ್ ಮುದ್ರಿಸುತ್ತಾರೆ. ಮಾರಾಟಗಾರರು ಬೇರೆಯಾದರೂ ಬಿಲ್ಲಿನ ಚೌಕಟ್ಟು ಒಂದೇ ಥರ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ, ನಾಳೆ ಬರುವ ಬಿಲ್‌ಗಳೂ ಹಾಗೇ ಇರುತ್ತವೆ ಅಲ್ವಾ. ಆದರೆ ಅಂಕವನ್ನು ಎರಡಾಗಿ ಬರೆದಿಡಿ. ಚೌಕಟ್ಟು ಗೊತ್ತಿದ್ದು ಮಾರಾಟಗಾರ ಹೊಸಬನಾದರೆ ಎಷ್ಟು, ಚೌಕಟ್ಟೇ ಹೊಸದಾದರೆ ಎಷ್ಟು ಅಂತ. ಎರಡನ್ನೂ ಸೇರಿಸಿದ ಒಂದೇ ಅಂಕ ನೋಡಿದರೆ ದೋಷ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಗುರುತುಗಳು ಎಲ್ಲಿಂದ ಬಂದವು?

ಈ ಭಾಗಕ್ಕೆ ಜಾಸ್ತಿ ಸಮಯ ಕೊಡಿ. ನಮ್ಮ ದೋಷದ ದೊಡ್ಡ ಪಾಲು ಇಲ್ಲೇ ಇತ್ತು.

1,140 ಬಿಲ್‌ಗಳಿಗೆ ಕೈಯಿಂದ ಗುರುತು ಹಾಕುವುದು ಬೇಸರದ ಕೆಲಸ. ಹಾಗಾಗಿ ಎಲ್ಲರೂ ಒಂದು ಅಡ್ಡದಾರಿ ಹಿಡಿಯುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಈಗಾಗಲೇ ಮಾರಾಟಗಾರ, ದಿನಾಂಕ, ಮೊತ್ತ ಮೂರೂ ಇರುತ್ತವೆ. ಅದೇ ಮೊತ್ತ ಬಿಲ್ಲಿನಲ್ಲಿ ಎಲ್ಲಿ ಸಿಗುತ್ತದೋ ಅಲ್ಲಿ `TOTAL` ಅಂತ ಗುರುತು ಹಾಕುವ ನಾಲ್ಕು ಸಾಲಿನ ಕೋಡ್ ಬರೆದರೆ ಮುಗಿಯಿತು. ನಾವೂ ಅದನ್ನೇ ಮಾಡಿದ್ದೆವು.

ಎರಡು ಬಿಲ್ ಪಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು ವೈರಿಂಗ್ ಸಾಮಾನಿನ ಬಿಲ್. ತೆರಿಗೆಗೆ ಮುಂಚೆ 18,640.00. ಸಿಜಿಎಸ್‌ಟಿ 9% ಅಂದರೆ 1,677.60, ಎಸ್‌ಜಿಎಸ್‌ಟಿಯೂ ಅಷ್ಟೇ. ಕೂಡಿದರೆ 21,995.20. ರೌಂಡ್ ಆಫ್ 0.20 ಕಳೆದು ಒಟ್ಟು 21,995.00. ಈ ಸಂಖ್ಯೆ ಪುಟದಲ್ಲಿ ಒಂದೇ ಕಡೆ ಇದೆ. ಗುರುತು ಸರಿಯಾಗಿ ಬೀಳುತ್ತದೆ.

ಎರಡನೆಯದು ಕ್ಯಾಂಟೀನಿಗೆ ತರಕಾರಿ ಕೊಟ್ಟವರ ಬಿಲ್. 60 ಕೆಜಿ ಟೊಮೆಟೊ, ಕೆಜಿಗೆ 24 ರೂಪಾಯಿ, ಒಟ್ಟು 1,440.00. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಹಾಗಾಗಿ ಟೊಮೆಟೊ ಸಾಲಿನ ಕೊನೆಯಲ್ಲಿ 1,440.00, ಅದರ ಕೆಳಗೆ ಸಬ್ ಟೋಟಲ್ 1,440.00, ಕೊನೆಗೆ ಗ್ರ್ಯಾಂಡ್ ಟೋಟಲ್ 1,440.00. ನಮ್ಮ ಕೋಡ್ ಮೂರಕ್ಕೂ `TOTAL` ಗುರುತು ಹಾಕಿತ್ತು. ಹೀಗೆ ನೂರಾರು ಬಿಲ್‌ಗಳಲ್ಲಿ ಆದಾಗ ಮಾಡೆಲ್ ಏನು ಕಲಿಯುತ್ತದೆ? ಸಾಮಾನಿನ ಸಾಲಿನ ಬಲತುದಿಯಲ್ಲಿ ಇರುವ ಮೊತ್ತವೂ ಒಟ್ಟು ಮೊತ್ತವೇ ಅಂತ ಕಲಿಯುತ್ತದೆ. ಮುಂದೆ ತೆರಿಗೆ ಇರುವ ಹೊಸ ಬಿಲ್ ಬಂದಾಗ ತೆರಿಗೆಗೆ ಮುಂಚಿನ ಮೊತ್ತ ಹಿಡಿಯುವುದು ಅದಕ್ಕೇ.

ಇದರಲ್ಲಿ ಭಯ ಹುಟ್ಟಿಸುವ ಸಂಗತಿ ಬೇರೆಯೇ ಇದೆ. ಪರೀಕ್ಷೆಯ ಬಿಲ್‌ಗಳಿಗೂ ಅದೇ ಕೋಡ್ ಗುರುತು ಹಾಕಿರುತ್ತದೆ. ಮಾಡೆಲ್ ಆ ತಪ್ಪನ್ನೇ ಚೆನ್ನಾಗಿ ಕಲಿತರೆ ಅಂಕ ಏರುತ್ತದೆ! ಎಫ್1 ನೋಡಿ ಈ ದೋಷವನ್ನು ಯಾವತ್ತೂ ಹಿಡಿಯಲಾಗುವುದಿಲ್ಲ. ಪರೀಕ್ಷೆಗೆ ಇಡುವ ಬಿಲ್‌ಗಳಿಗಾದರೂ ಮನುಷ್ಯರೇ ಗುರುತು ಹಾಕಬೇಕು ಅನ್ನುವುದು ಅಂದಿನಿಂದ ನಾನು ಬಿಡದೆ ಪಾಲಿಸುವ ನಿಯಮ.

ಇದನ್ನು ಪತ್ತೆ ಮಾಡುವುದು ಸುಲಭ. ಪ್ರತಿ ಬಿಲ್ಲಿನಲ್ಲಿ `TOTAL` ಗುರುತು ಎಷ್ಟು ಬೇರೆ ಬೇರೆ ಜಾಗದಲ್ಲಿ ಬಿದ್ದಿದೆ ಎಂದು ಎಣಿಸಿ. ನಮ್ಮಲ್ಲಿ 655 ಬಿಲ್‌ಗಳಲ್ಲಿ ಒಂದೇ ಜಾಗ ಇತ್ತು. 371ರಲ್ಲಿ ಎರಡು ಅಥವಾ ಜಾಸ್ತಿ. 114ರಲ್ಲಿ ಒಂದೂ ಇಲ್ಲ.

ಆ 114ರ ಕಡೆಗೂ ನೋಡಿ. ಗುರುತೇ ಇಲ್ಲದ ಬಿಲ್ ಮಾಡೆಲ್‌ಗೆ ಸುಮ್ಮನಿರುವುದನ್ನು ಕಲಿಸುತ್ತದೆ. ಒಟ್ಟು ಮೊತ್ತ ಕಣ್ಣೆದುರಿಗೇ ಇದ್ದರೂ ಅದು `O` ಎಂದು ಹೇಳಿಕೊಟ್ಟಂತೆ. ನಮ್ಮಲ್ಲಿ ಕಾರಣಗಳು ಎರಡಿದ್ದವು. ಕೆಲವು ಕಡೆ ಅಲ್ಪವಿರಾಮದ ಗಲಾಟೆ. ಬಿಲ್ಲಿನಲ್ಲಿ 1,18,000.00 ಎಂದಿದ್ದರೆ ಪುಸ್ತಕದಲ್ಲಿ 118000 ಎಂದಿತ್ತು, ನಮ್ಮ ಕೋಡ್ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕಿ ಹುಡುಕುತ್ತಿತ್ತು. ಉಳಿದವು ಟಿಡಿಎಸ್ ಕಳೆದ ಬಿಲ್‌ಗಳು. ಒಬ್ಬರು 50,000 ರೂಪಾಯಿ ಶುಲ್ಕಕ್ಕೆ 18% ಜಿಎಸ್‌ಟಿ ಸೇರಿಸಿ 59,000ಕ್ಕೆ ಬಿಲ್ ಕೊಟ್ಟಿದ್ದರು. ಶುಲ್ಕದ ಮೇಲೆ 10% ಟಿಡಿಎಸ್, ಅಂದರೆ 5,000 ಹಿಡಿದು 54,000 ಪಾವತಿಸಿದ್ದರು. ನಾವು ಮೊತ್ತ ತೆಗೆದುಕೊಂಡಿದ್ದು ಪಾವತಿಯ ಪಟ್ಟಿಯಿಂದ. ಆ 54,000 ಬಿಲ್ಲಿನಲ್ಲಿ ಎಲ್ಲೂ ಇರಲಿಲ್ಲ.

ದಿನಾಂಕದಲ್ಲೂ ಇದೇ ಕಥೆ. ಟ್ಯಾಲಿ ಬಿಲ್ಲಿನ ಬಲಮೇಲಿನ ಚೌಕದಲ್ಲಿ `Dated` ಎಂಬ ಪದ ಎರಡು ಸಲ ಬರುತ್ತದೆ. ಮೇಲಿನದು ಬಿಲ್ ದಿನಾಂಕ, ಕೆಳಗಿನದು ಕೊಂಡವರ ಆರ್ಡರ್ ದಿನಾಂಕ. ಎರಡೂ ಒಂದೇ ದಿನವಾಗಿದ್ದರೆ ಕೋಡ್ ಎರಡಕ್ಕೂ ಗುರುತು ಹಾಕುತ್ತದೆ. ಇನ್ನು ಪುಸ್ತಕದಲ್ಲಿ ಇರುವುದು ವೋಚರ್ ಬರೆದ ದಿನ ಆಗಿದ್ದರೆ ಅದು ಬಿಲ್ಲಿನ ದಿನಾಂಕವೇ ಅಲ್ಲ.

ಸರಿಪಡಿಸಿದ್ದು ಹೀಗೆ. ಅಲ್ಪವಿರಾಮ ತೆಗೆದು ಸಂಖ್ಯೆಯಾಗಿ ಹೋಲಿಸಿದೆವು. ಮೊತ್ತವನ್ನು ಪಾವತಿ ಪಟ್ಟಿಯ ಬದಲು ಖರೀದಿ ಪಟ್ಟಿಯಿಂದ ತಂದೆವು. ಒಂದಕ್ಕಿಂತ ಜಾಸ್ತಿ ಗುರುತು ಬಿದ್ದ ಬಿಲ್‌ಗಳನ್ನು ಇಬ್ಬರು ಕೂತು ಒಂದೂವರೆ ದಿನದಲ್ಲಿ ಕೈಯಿಂದ ನೋಡಿ ಮುಗಿಸಿದೆವು. ಗ್ರ್ಯಾಂಡ್ ಟೋಟಲ್ ಎಂದೂ ಅದರ ಕೆಳಗೆ ಕೊಡಬೇಕಾದ ಮೊತ್ತ ಎಂದೂ ಎರಡು ಸಲ ಇದ್ದರೆ ಎರಡನ್ನೂ `TOTAL` ಎಂದೇ ಬಿಟ್ಟೆವು, ಎರಡೂ ನಿಜ. ಸಾಮಾನಿನ ಸಾಲಿನಲ್ಲಿ ಇದ್ದುದನ್ನು `O` ಮಾಡಿದೆವು. ನಮಗೇ ಅನುಮಾನ ಇದ್ದ ಪದಗಳಿಗೆ -100 ಕೊಟ್ಟೆವು. ಪೈಟಾರ್ಚ್‌ನಲ್ಲಿ ಆ ಬೆಲೆ ಇರುವ ಪದವನ್ನು ತರಬೇತಿಯಲ್ಲಿ ಮಾಡೆಲ್ ಎಷ್ಟು ತಪ್ಪಿತು ಎಂದು ಅಳೆಯುವ ಲೆಕ್ಕಕ್ಕೆ ಸೇರಿಸುವುದಿಲ್ಲ. ತಪ್ಪು ಕಲಿಸುವುದಕ್ಕಿಂತ ಏನೂ ಕಲಿಸದಿರುವುದು ಮೇಲು.

ಬೇರೇನೂ ಬದಲಿಸದೆ ಇಷ್ಟರಿಂದಲೇ ಹೊಸ ಮಾರಾಟಗಾರರ ಮೇಲೆ ಒಟ್ಟು ಮೊತ್ತದ ಅಂಕ 0.68ರಿಂದ 0.81ಕ್ಕೆ ಏರಿತು.

ಪದ ಇರುವ ಜಾಗ ಸರಿಯಿದೆಯಾ?

ಲೇಔಟ್‌ಎಲ್ಎಂ ಪ್ರತಿ ಪದದ ಎಡ, ಮೇಲು, ಬಲ, ಕೆಳ ಅಂಚುಗಳನ್ನು ಕೇಳುತ್ತದೆ. ಪುಟ ಎಷ್ಟೇ ದೊಡ್ಡದಿರಲಿ, ಅವು 0ಯಿಂದ 1000ದ ಒಳಗೆ ಬರಬೇಕು. ಇಲ್ಲಿ ತಪ್ಪಾದರೆ ಒಮ್ಮೊಮ್ಮೆ ಪ್ರೋಗ್ರಾಂ ನಿಂತುಹೋಗುತ್ತದೆ, ಅದು ಒಳ್ಳೆಯದೇ. ನಿಲ್ಲದೆ ಹೋದಾಗ ಕಷ್ಟ.

300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಎ4 ಪುಟ 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಎತ್ತರ. ಅದನ್ನು ಹಾಗೇ ಕೊಟ್ಟರೆ `bbox` ಬೆಲೆ 0-1000 ಮೀರಿದೆ ಎಂದು ದೋಷ ತೋರಿಸುತ್ತದೆ. ನೀವು ತಕ್ಷಣ ಸರಿಪಡಿಸುತ್ತೀರಿ. ಆದರೆ ಪಿಡಿಎಫ್‌ನ ಎ4 ಪುಟ ಪಾಯಿಂಟ್ ಲೆಕ್ಕದಲ್ಲಿ ಸುಮಾರು 595 ಅಗಲ, 842 ಎತ್ತರ. ಎರಡೂ 1000ಕ್ಕಿಂತ ಕಡಿಮೆ! ಅಳತೆ ಬದಲಿಸುವುದನ್ನು ಮರೆತರೂ ಎಲ್ಲೂ ದೋಷ ಬರುವುದಿಲ್ಲ. ನಮ್ಮಲ್ಲಿ ಸ್ಕ್ಯಾನ್ ದಾರಿಯಲ್ಲಿ ಬದಲಿಸಿದ್ದೆವು, ಪಿಡಿಎಫ್ ದಾರಿಯಲ್ಲಿ ಮರೆತಿದ್ದೆವು. ಮಾಡೆಲ್ ಕಣ್ಣಿಗೆ ಪಿಡಿಎಫ್ ಬಿಲ್‌ಗಳೆಲ್ಲ ಪುಟದ ಎಡಮೇಲಿನ ಮೂಲೆಗೆ ಒತ್ತಿಕೊಂಡಂತೆ ಕಂಡಿವೆ. ಬಲತುದಿಯ ಮೊತ್ತದ ಕಾಲಂ ಅದಕ್ಕೆ ಪುಟದ ನಡುಮಧ್ಯದಲ್ಲಿದೆ.

```python
def norm(box, w, h):
    x0, y0, x1, y1 = box
    return [int(1000*x0/w), int(1000*y0/h),
            int(1000*x1/w), int(1000*y1/h)]
```

ಪತ್ತೆ ಮಾಡಲು ಸ್ಕ್ಯಾನ್‌ಗಳಲ್ಲಿ ಬಲ ಅಂಚಿನ ಅತಿ ದೊಡ್ಡ ಬೆಲೆ ಎಷ್ಟು, ಪಿಡಿಎಫ್‌ಗಳಲ್ಲಿ ಎಷ್ಟು ಅಂತ ಬೇರೆ ಬೇರೆ ನೋಡಿ. ಒಂದು ಕಡೆ 950ರ ಆಸುಪಾಸು, ಇನ್ನೊಂದು ಕಡೆ ಯಾವತ್ತೂ 595 ದಾಟದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಇನ್ನೂ ಎರಡು ಕಡೆ ಗಮನ ಇಡಿ. ಟೆಸೆರಾಕ್ಟ್ ಕೊಡುವುದು ಎಡ, ಮೇಲು, ಅಗಲ, ಎತ್ತರ. ಬಲ ಅಂಚು ಬೇಕಾದರೆ ಎಡಕ್ಕೆ ಅಗಲ ಕೂಡಿಸಬೇಕು. ಪಿಡಿಎಫ್‌ನಿಂದ ಪದ ತೆಗೆಯುವ ಪಿಡಿಎಫ್‌ಮೈನರ್ ಎತ್ತರವನ್ನು ಪುಟದ ಕೆಳತುದಿಯಿಂದ ಎಣಿಸುತ್ತದೆ. ಅದನ್ನು ತಿರುಗಿಸದಿದ್ದರೆ ಒಟ್ಟು ಮೊತ್ತ ಬಿಲ್ಲಿನ ತಲೆಯ ಮೇಲೆ ಕೂರುತ್ತದೆ. ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಎಂದರೆ ಇಪ್ಪತ್ತು ಬಿಲ್ ಆರಿಸಿ, ಮಾಡೆಲ್‌ಗೆ ಕೊಡುವ ಅದೇ ಬೆಲೆಗಳಿಂದ ಚಿತ್ರದ ಮೇಲೆ ಚೌಕ ಬರೆದು ಕಣ್ಣಿನಿಂದ ನೋಡುವುದು. ಅರ್ಧ ಗಂಟೆಯ ಕೆಲಸ ಅಷ್ಟೇ.

ಉದ್ದದ ಬಿಲ್‌ಗಳಲ್ಲಿ ಮಾತ್ರ ಮೊತ್ತ ಸಿಗುತ್ತಿಲ್ಲವೇ?

ಐದು ಸಾಲಿನ ಬಿಲ್ ಸರಿ, ಮೂವತ್ತು ಸಾಲಿನ ಬಿಲ್ಲಿನಲ್ಲಿ ಒಟ್ಟು ಮೊತ್ತ ಖಾಲಿ ಎಂದಾದರೆ ಕಾರಣ ಹೆಚ್ಚುಕಡಿಮೆ ಖಚಿತ. ಈ ಮಾಡೆಲ್ ಒಮ್ಮೆಗೆ 512 ಟೋಕನ್ ಮಾತ್ರ ನೋಡುತ್ತದೆ. ಟೋಕನ್ ಎಂದರೆ ಇಡೀ ಪದ ಅಲ್ಲ, ಹಲವು ಸಲ ಪದದ ಒಂದು ತುಂಡು. 21,995.00 ಎಂಬ ಒಂದು ಸಂಖ್ಯೆಯೇ ಅಲ್ಪವಿರಾಮ, ಚುಕ್ಕಿ ಎಲ್ಲ ಬೇರೆಯಾಗಿ ಐದಾರು ತುಂಡಾಗುತ್ತದೆ. ಎಚ್‌ಎಸ್‌ಎನ್ ಕೋಡ್, ದರ, ಮೊತ್ತ ಅಂತ ಸಂಖ್ಯೆಗಳೇ ತುಂಬಿದ ಬಿಲ್ಲಿನಲ್ಲಿ ಇನ್ನೂರು ಪದಕ್ಕೇ 512 ಮುಗಿಯಬಹುದು. `truncation=True` ಇದ್ದರೆ ಉಳಿದದ್ದು ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ಒಟ್ಟು ಮೊತ್ತ ಇರುವುದೇ ಕೊನೆಯಲ್ಲಿ ಅಲ್ವಾ?

ಪುಟವನ್ನು ಒಂದರ ಮೇಲೊಂದು ಹಾಯುವ ತುಂಡುಗಳಾಗಿ ಕೊಡಬೇಕು. `truncation=True` ಜೊತೆಗೆ `return_overflowing_tokens=True` ಮತ್ತು `stride=128` ಇಟ್ಟರೆ ಟೋಕನೈಸರ್ ತಾನೇ ತುಂಡು ಮಾಡುತ್ತದೆ. ಪದದ ಗುರುತು ಮತ್ತು ಜಾಗವನ್ನೂ ಪ್ರತಿ ತುಂಡಿಗೆ ಅದೇ ಕ್ರಮದಲ್ಲಿ ನೀವೇ ಜೋಡಿಸಬೇಕು. ತರಬೇತಿಯಲ್ಲೂ ಹೀಗೇ ಮಾಡಿ. ಬಳಸುವಾಗ ಮಾತ್ರ ತುಂಡು ಮಾಡಿದರೆ, ಉದ್ದದ ಬಿಲ್ಲಿನ ಕೊನೆ ಹೇಗಿರುತ್ತದೆ ಎಂದು ಮಾಡೆಲ್ ಯಾವತ್ತೂ ನೋಡಿರುವುದಿಲ್ಲ.

ಕೊಂಡವರ ಹೆಸರನ್ನೇ ಮಾರಾಟಗಾರ ಅಂದರೆ

ಇದು ನಮಗೆ ಕೊನೆಗೆ ಅರ್ಥವಾದದ್ದು. ನಮ್ಮ 1,140 ಬಿಲ್‌ಗಳೂ ಇಬ್ಬರೇ ಗ್ರಾಹಕರಿಗೆ ಬಂದವು. ಅಂದರೆ ಕೊಂಡವರ ಹೆಸರು ಎರಡೇ ಎರಡು. ಮಾಡೆಲ್ ಸುಲಭದ ದಾರಿ ಹಿಡಿದಿತ್ತು. ಆ ಎರಡು ಹೆಸರು ಬಿಟ್ಟು ಪುಟದ ಮೇಲ್ಭಾಗದಲ್ಲಿ ಯಾವ ಸಂಸ್ಥೆಯ ಹೆಸರಿದ್ದರೂ ಅದೇ ಮಾರಾಟಗಾರ! ಕಚೇರಿಗೆ ಮೂರನೆಯ ಗ್ರಾಹಕ ಸೇರಿದ ದಿನವೇ ಅವರ ಹೆಸರು ಮಾರಾಟಗಾರರ ಪಟ್ಟಿಯಲ್ಲಿ ಬಂತು.

ನಿಮ್ಮಲ್ಲೂ ಹೀಗಿದೆಯೇ ಎಂದು ನೋಡಲು, ಸರಿಯಾಗಿ ಓದಿದ ಐವತ್ತು ಬಿಲ್ ತೆಗೆದುಕೊಳ್ಳಿ. ಕೊಂಡವರ ಹೆಸರನ್ನು ಬೇರೆ ಯಾವುದೋ ಹೆಸರಿಗೆ ಬದಲಿಸಿ, ಜಾಗ ಹಾಗೇ ಇರಲಿ. ಮತ್ತೆ ಓದಿಸಿ. ಉತ್ತರ ಬದಲಾದರೆ ಮಾಡೆಲ್ ಹೆಸರನ್ನು ಬಾಯಿಪಾಠ ಮಾಡಿದೆ. ಔಷಧಿಯೂ ಅದೇ. ತರಬೇತಿಯ ಪ್ರತಿ ಸುತ್ತಿನಲ್ಲಿ ಕೊಂಡವರ ಹೆಸರನ್ನೂ ಮಾರಾಟಗಾರರ ಹೆಸರನ್ನೂ ಪಟ್ಟಿಯಿಂದ ಬದಲಿಸುತ್ತಾ ಹೋಗಿ. ಹಾಗೆಯೇ `BUYER` ಎಂಬ ಇನ್ನೊಂದು ಗುರುತು ಸೇರಿಸಿ, ನಿಮಗೆ ಅದರ ಉತ್ತರ ಬೇಡದಿದ್ದರೂ ಸರಿ. ಎರಡನ್ನೂ ಬೇರೆ ಮಾಡಿ ನೋಡಲು ಮಾಡೆಲ್ ಆಗ `Bill to` ಥರದ ಪದಗಳ ಕಡೆಗೆ ತಿರುಗಲೇಬೇಕಾಗುತ್ತದೆ.

ಆದರೂ ಒಂದು ಮಿತಿ ಉಳಿಯುತ್ತದೆ. ಎಷ್ಟೋ ಬಿಲ್‌ಗಳಲ್ಲಿ ಮಾರಾಟಗಾರರ ಹೆಸರು ಬರೀ ಲೋಗೋದಲ್ಲಿ ಇರುತ್ತದೆ. ಓಸಿಆರ್ ಅದನ್ನು ಓದುವುದೇ ಇಲ್ಲ, ಓದದ ಪದಕ್ಕೆ ಯಾವ ಮಾಡೆಲ್ಲೂ ಗುರುತು ಹಾಕಲಾರದು. ಇಂಥ ಕಡೆ ನಾವು ಹೆಸರಿನ ಬೆನ್ನು ಬಿಟ್ಟು ಮಾರಾಟಗಾರರ ಜಿಎಸ್‌ಟಿ ನಂಬರ್ ಹಿಡಿದೆವು. ಗ್ರಾಹಕರ ನಂಬರ್ ನಮಗೆ ಗೊತ್ತೇ ಇದೆ. ಪುಟದಲ್ಲಿರುವ ಇನ್ನೊಂದು ನಂಬರ್ ಮಾರಾಟಗಾರರದು, ಅದರಿಂದ ನಮ್ಮ ಪಟ್ಟಿಯಲ್ಲಿ ಹೆಸರು ಹುಡುಕಿದೆವು. 15ನೆಯ ಅಕ್ಷರ ತಾಳೆ ನೋಡುವುದಕ್ಕೆಂದೇ ಇದೆ, ಹಾಗಾಗಿ ಓಸಿಆರ್ 0 ಬದಲು O ಓದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮೊತ್ತಕ್ಕೂ ಇಂಥದ್ದೇ ಒಂದು ಕಾವಲು ಇಟ್ಟಿದ್ದೇವೆ. ಮಾಡೆಲ್ ಹೇಳಿದ ಮೊತ್ತಕ್ಕೆ, ಪುಟದಲ್ಲಿರುವ ತೆರಿಗೆ ಮುಂಚಿನ ಮೊತ್ತ ಮತ್ತು ತೆರಿಗೆಗಳನ್ನು ಕೂಡಿಸಿ ಒಂದು ರೂಪಾಯಿಯ ಒಳಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತೇವೆ. ಆಗದಿದ್ದರೆ ಬಿಲ್ ಮನುಷ್ಯರ ಮೇಜಿಗೆ ಹೋಗುತ್ತದೆ. ಸಾಗಣೆ ವೆಚ್ಚ, ರಿಯಾಯಿತಿ ಸೇರಿದ ಬಿಲ್‌ಗಳು ಸರಿಯಾಗಿದ್ದರೂ ಇಲ್ಲಿ ಸಿಕ್ಕಿಬೀಳುತ್ತವೆ. ಅದನ್ನು ಒಪ್ಪಿಕೊಂಡಿದ್ದೇವೆ.

ಈಗ ಹಿಂದೆ ನೋಡಿಲ್ಲದ ಮಾರಾಟಗಾರರ ಮೇಲೆ, ಕೈಯಿಂದ ಗುರುತು ಹಾಕಿದ ಬಿಲ್‌ಗಳಲ್ಲಿ, ಒಟ್ಟು ಮೊತ್ತ 0.91, ದಿನಾಂಕ 0.93, ಮಾರಾಟಗಾರ 0.84. ಚೌಕಟ್ಟೂ ಹೊಸದಾದರೆ ಮೂರೂ ಇನ್ನಷ್ಟು ಇಳಿಯುತ್ತವೆ. ಕೈಬರಹದ ಬಿಲ್‌ಗಳನ್ನು ಈ ದಾರಿಗೆ ಬಿಡುತ್ತಲೇ ಇಲ್ಲ, ಅವನ್ನು ಈಗಲೂ ಕಚೇರಿಯವರೇ ನೋಡಿ ಬರೆಯುತ್ತಾರೆ.